ಎಸ್‌ಐಪಿ ಯೂನಿಟ್‌ಗಳಲ್ಲಿ ಸ್ವಲ್ಪ ಮಾತ್ರ ಮಾರಿದರೆ ಲಾಭದ ಲೆಕ್ಕ ಹೇಗೆ?

ಎಸ್‌ಐಪಿ ಹಾಕಿದವರಿಗೆ ಆ್ಯಪ್‌ನಲ್ಲಿ ಮೊದಲು ಕಾಣೋದು ಮೂರು ಸಂಖ್ಯೆ: ಒಟ್ಟು ಹಾಕಿದ ಹಣ, ಈಗಿನ ಮೌಲ್ಯ, ಸರಾಸರಿ ಎನ್‌ಎವಿ ಅಂದರೆ ಒಂದು ಯೂನಿಟ್‌ಗೆ ಬಿದ್ದ ಸರಾಸರಿ ಬೆಲೆ. ಸ್ವಲ್ಪ ಯೂನಿಟ್ ಮಾರಿದಾಗ ಬಹಳ ಜನ ಆ ಸರಾಸರಿಯನ್ನೇ ಹಿಡಿದು ಲಾಭ ಲೆಕ್ಕ ಹಾಕುತ್ತಾರೆ. ಆದಾಯ ತೆರಿಗೆಗೆ ಆ ಸರಾಸರಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನಡೆಯುವುದು ಫಿಫೋ ಲೆಕ್ಕ, ಅಂದರೆ ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಯಿತು ಎಂಬ ಲೆಕ್ಕ.

ಪ್ರತಿ ತಿಂಗಳ ಕಂತೂ ಒಂದು ಬೇರೆ ಖರೀದಿ. ಅದಕ್ಕೆ ಅದರದೇ ತಾರೀಖು, ಅದರದೇ ಬೆಲೆ ಇರುತ್ತದೆ. ಯೂನಿಟ್‌ಗಳು ಕೊಂಡ ಕ್ರಮದಲ್ಲಿ ಸರತಿ ಸಾಲಿನಲ್ಲಿ ನಿಂತಿರುತ್ತವೆ ಅಂದುಕೊಳ್ಳಿ. ನೀವು ಯಾವಾಗ ಮಾರಿದರೂ ಸಾಲಿನ ಮುಂದಿರುವವೇ ಹೊರಗೆ ಹೋಗುತ್ತವೆ. "ಹೋದ ತಿಂಗಳ ಕಂತಿನ ಯೂನಿಟ್ ಮಾರಿ" ಎಂದು ಫಂಡಿಗೆ ಹೇಳುವ ಅವಕಾಶ ಇಲ್ಲ.

ಇಲ್ಲಿ ಒಂದು ಇಕ್ವಿಟಿ ಫಂಡಿನ ಉದಾಹರಣೆ ತೆಗೆದುಕೊಂಡು ಕೊನೆಯವರೆಗೂ ಲೆಕ್ಕ ಮಾಡೋಣ. ಎನ್‌ಎವಿಗಳು ಲೆಕ್ಕಕ್ಕೆ ಸುಲಭವಾಗಲಿ ಎಂದು ನಾನೇ ಇಟ್ಟುಕೊಂಡವು. ನಿಯಮ ಮತ್ತು ತೆರಿಗೆ ದರ ಮಾತ್ರ ನಿಜವಾದವು.

ಮೊದಲು ಸರಿಯಾದ ಸ್ಟೇಟ್‌ಮೆಂಟ್ ತೆಗೆಯಿರಿ

ನಿಮ್ಮ ಫಂಡ್ ಕಂಪನಿಯ ರಿಜಿಸ್ಟ್ರಾರ್ ಸಾಮಾನ್ಯವಾಗಿ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಆಗಿರುತ್ತದೆ. ಅವರ ವೆಬ್‌ಸೈಟಿನಲ್ಲಿ ಪ್ಯಾನ್‌ಗೆ ಜೋಡಿಸಿರುವ ಇಮೇಲ್ ಕೊಟ್ಟು ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್ ಕೇಳಬಹುದು. ಕೇಳುವಾಗ ಎರಡು ವಿಷಯ ಗಮನಿಸಿ. ಬರೀ ಬ್ಯಾಲೆನ್ಸ್ ತೋರಿಸುವ ಸಾರಾಂಶ ಬೇಡ, ಪ್ರತಿ ವ್ಯವಹಾರವೂ ಇರುವ ವಿವರವಾದದ್ದು ಬೇಕು. ಅವಧಿ ಬರೀ ಈ ವರ್ಷದ್ದಲ್ಲ, ಮೊದಲ ಕಂತಿನಿಂದ ಇವತ್ತಿನವರೆಗೆ ಇರಬೇಕು.

ಈ ಎರಡನೆಯದರಲ್ಲಿ ತುಂಬಾ ಜನ ಎಡವುತ್ತಾರೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸ್ಟೇಟ್‌ಮೆಂಟ್ ತೆಗೆದರೆ ಹಿಂದಿನ ಎಲ್ಲ ಕಂತುಗಳೂ "ಓಪನಿಂಗ್ ಬ್ಯಾಲೆನ್ಸ್" ಎಂಬ ಒಂದೇ ಸಾಲಿನಲ್ಲಿ ಮುಚ್ಚಿಹೋಗುತ್ತವೆ. ನೀವು ಮಾರಿದ್ದು ಅವುಗಳನ್ನೇ, ಆದರೆ ಅವುಗಳ ತಾರೀಖೂ ಇಲ್ಲ, ಬೆಲೆಯೂ ಇಲ್ಲ. ಓಪನಿಂಗ್ ಬ್ಯಾಲೆನ್ಸ್ ಸೊನ್ನೆ ಇದ್ದರೆ ಮಾತ್ರ ಸ್ಟೇಟ್‌ಮೆಂಟ್ ಪೂರ್ತಿ ಇದೆ ಎಂದರ್ಥ.

ಸಾಲುಗಳನ್ನು ಓದುವಾಗ ಬೌನ್ಸ್ ಆದ ಕಂತು ಇದೆಯಾ ನೋಡಿ. ಬ್ಯಾಂಕಿನಲ್ಲಿ ಹಣ ಇಲ್ಲದೆ ಕಂತು ತಿರಸ್ಕೃತವಾದರೆ ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಖರೀದಿಯ ಸಾಲೂ ಇರುತ್ತದೆ, ಅದರ ಕೆಳಗೆ ಅಷ್ಟೇ ಯೂನಿಟ್ ಮೈನಸ್ ಆದ ಇನ್ನೊಂದು ಸಾಲೂ ಇರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಹಾಕಿ. ಮೈನಸ್ ಸಾಲನ್ನು ಮಾರಾಟ ಎಂದು ಓದಿಕೊಂಡರೆ ಇಡೀ ಸರತಿಯೇ ಒಂದು ಕಂತು ಮುಂದಕ್ಕೆ ಜರುಗಿ, ಆಮೇಲಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ಫೋಲಿಯೊ ಮತ್ತು ಸ್ಕೀಮು ಬೇರೆ ಬೇರೆ ಇಡಿ

ಫೋಲಿಯೊ ಅಂದರೆ ಫಂಡ್ ಕಂಪನಿಯಲ್ಲಿ ನಿಮಗಿರುವ ಖಾತೆ. ಒಂದು ಫೋಲಿಯೊ, ಅದರೊಳಗೆ ಒಂದು ಸ್ಕೀಮು: ಇಷ್ಟಕ್ಕೆ ಒಂದು ಸರತಿ ಸಾಲು. ಅದೇ ಫಂಡಿನ ಡೈರೆಕ್ಟ್ ಪ್ಲಾನಿಗೆ ಒಂದು ಸಾಲು, ರೆಗ್ಯುಲರ್ ಪ್ಲಾನಿಗೆ ಇನ್ನೊಂದು. ಒಂದೇ ಸ್ಕೀಮು ಎರಡು ಫೋಲಿಯೊದಲ್ಲಿದ್ದರೆ, ಯಾವ ಫೋಲಿಯೊದಿಂದ ಮಾರಿದಿರೋ ಅದರೊಳಗಿನ ಹಳೆಯ ಯೂನಿಟ್ ಮೊದಲು ಹೋದಂತೆ ರಿಜಿಸ್ಟ್ರಾರ್ ಲೆಕ್ಕ ಹಾಕುತ್ತಾರೆ. ಡಿಮ್ಯಾಟ್‌ನಲ್ಲಿ ಇಟ್ಟವರಿಗೆ ಆ ಡಿಮ್ಯಾಟ್ ಖಾತೆಯೇ ಒಂದು ಸಾಲು.

ಸ್ವಿಚ್ ಮಾಡಿದ್ದೂ ಮಾರಾಟವೇ. ರೆಗ್ಯುಲರ್‌ನಿಂದ ಡೈರೆಕ್ಟಿಗೆ ಬದಲಾಯಿಸಿದರೂ ಅಷ್ಟೇ. ಕೈಗೆ ಒಂದು ರೂಪಾಯಿ ಬರದಿದ್ದರೂ ಹಳೆಯ ಸಾಲಿನಿಂದ ಯೂನಿಟ್ ಹೋಗುತ್ತದೆ, ಲಾಭ ಲೆಕ್ಕಕ್ಕೆ ಬರುತ್ತದೆ, ಹೊಸ ಪ್ಲಾನಿನಲ್ಲಿ ಹೊಸ ತಾರೀಖಿನಿಂದ ಹೊಸ ಸಾಲು ಶುರುವಾಗುತ್ತದೆ.

ಉದಾಹರಣೆ

ಒಬ್ಬರು 2024ರ ಜೂನ್‌ನಿಂದ ಪ್ರತಿ ತಿಂಗಳು 10ನೇ ತಾರೀಖಿಗೆ ₹5,000 ಹಾಕುತ್ತಿದ್ದಾರೆ. ಖರೀದಿಯ ಮೇಲೆ 0.005% ಸ್ಟಾಂಪ್ ಡ್ಯೂಟಿ ಹೋಗುತ್ತದೆ, ಅಂದರೆ 25 ಪೈಸೆ. ಹಾಗಾಗಿ ಯೂನಿಟ್ ಸಿಗುವುದು ₹4,999.75ಕ್ಕೆ. ಆದರೆ ಕೈಯಿಂದ ಹೋದದ್ದು ₹5,000, ಹಾಗಾಗಿ ಕೊಂಡ ಬೆಲೆಯಾಗಿ ಹಿಡಿಯುವುದೂ ₹5,000. ಮೊದಲ ಐದು ಕಂತು ಹೀಗಿವೆ:

| ಕಂತು | ಯೂನಿಟ್ ಬಂದ ದಿನ | ಎನ್‌ಎವಿ | ಯೂನಿಟ್ |
|---|---|---|---|
| 1 | 10 ಜೂನ್ 2024 | 40 | 124.994 |
| 2 | 10 ಜುಲೈ 2024 | 42 | 119.042 |
| 3 | 12 ಆಗಸ್ಟ್ 2024 | 41 | 121.945 |
| 4 | 10 ಸೆಪ್ಟೆಂಬರ್ 2024 | 43 | 116.273 |
| 5 | 10 ಅಕ್ಟೋಬರ್ 2024 | 44 | 113.631 |

ಮೂರನೇ ಕಂತಿನ ತಾರೀಖು ನೋಡಿ. 2024ರ ಆಗಸ್ಟ್ 10 ಶನಿವಾರ. ಮಾರುಕಟ್ಟೆ ಇಲ್ಲ, ಹಾಗಾಗಿ ಯೂನಿಟ್ ಬಂದದ್ದು ಸೋಮವಾರ, 12ಕ್ಕೆ. ವರ್ಷ ತುಂಬಿತೋ ಇಲ್ಲವೋ ಎಂದು ಎಣಿಸಬೇಕಾದದ್ದು ಈ 12ರಿಂದ. ಎಸ್‌ಐಪಿ ತಾರೀಖಿನಿಂದಲೂ ಅಲ್ಲ, ಬ್ಯಾಂಕಿನಲ್ಲಿ ಹಣ ಕಟ್ ಆದ ದಿನದಿಂದಲೂ ಅಲ್ಲ. ಹಣ ಫಂಡಿಗೆ ತಲುಪುವುದು ತಡವಾದರೆ ರಜೆ ಇಲ್ಲದ ತಿಂಗಳಲ್ಲೂ ಒಂದೆರಡು ದಿನ ಹಿಂದೆಮುಂದೆ ಆಗಬಹುದು. ಸ್ಟೇಟ್‌ಮೆಂಟಿನಲ್ಲಿ ಇರುವ ತಾರೀಖನ್ನೇ ಬಳಸಿ, ಊಹೆ ಬೇಡ.

ಇವರು 2025ರ ಆಗಸ್ಟ್ 18ರಂದು 400 ಯೂನಿಟ್ ಮಾರಿದರು. ಆ ದಿನದ ಎನ್‌ಎವಿ 50.

ಸಾಲಿನ ಮುಂದಿನಿಂದ ತೆಗೆಯುತ್ತಾ ಹೋಗೋಣ. ಮೊದಲ ಮೂರು ಕಂತುಗಳ ಯೂನಿಟ್ ಸೇರಿಸಿದರೆ 365.981. ಮೂರೂ ಪೂರ್ತಿ ಖಾಲಿಯಾದವು. 400ಕ್ಕೆ ಇನ್ನೂ 34.019 ಬೇಕು. ಅದು ನಾಲ್ಕನೇ ಕಂತಿನಿಂದ ಬರುತ್ತದೆ, ಆ ಕಂತಿನಲ್ಲಿ 82.254 ಯೂನಿಟ್ ಉಳಿಯುತ್ತದೆ.

ಈಗ ಒಂದೊಂದೇ ಕಂತಿನ ಲಾಭ. ಮೊದಲನೆಯದು ₹6,249.70ಕ್ಕೆ ಹೋಯಿತು, ಕೊಂಡದ್ದು ₹5,000ಕ್ಕೆ, ಲಾಭ ₹1,249.70. ಎರಡನೆಯದು ₹5,952.10ಕ್ಕೆ ಹೋಯಿತು, ಲಾಭ ₹952.10. ಮೂರನೆಯದು ₹6,097.25ಕ್ಕೆ, ಲಾಭ ₹1,097.25. ಮೂರೂ ಕಂತು 12 ತಿಂಗಳು ದಾಟಿವೆ, ಹಾಗಾಗಿ ಇದು ದೀರ್ಘಾವಧಿ ಲಾಭ: ಒಟ್ಟು ₹3,299.05.

ನಾಲ್ಕನೆಯದು 2024ರ ಸೆಪ್ಟೆಂಬರ್ 10ರದ್ದು, ಇನ್ನೂ ವರ್ಷ ತುಂಬಿಲ್ಲ. ಇಲ್ಲಿ ಎರಡು ಕೆಲಸ ಜಾಸ್ತಿ.

ಮೊದಲನೆಯದು, ಕಂತನ್ನು ಒಡೆಯುವುದು. 116.273 ಯೂನಿಟ್‌ಗೆ ₹5,000 ಆದರೆ 34.019 ಯೂನಿಟ್‌ಗೆ ಎಷ್ಟು? ₹1,462.89. ಉಳಿದ 82.254 ಯೂನಿಟ್‌ಗೆ ₹3,537.11 ಉಳಿಯುತ್ತದೆ. ಈ ಉಳಿದ ಮೊತ್ತವನ್ನು ಈಗಲೇ ಬರೆದಿಡಿ, ಮುಂದಿನ ಮಾರಾಟಕ್ಕೆ ಅದೇ ಬೇಕು.

ಎರಡನೆಯದು ಎಕ್ಸಿಟ್ ಲೋಡ್. ಅನೇಕ ಇಕ್ವಿಟಿ ಫಂಡ್‌ಗಳಲ್ಲಿ ವರ್ಷದೊಳಗೆ ಮಾರಿದರೆ 1% ಕಡಿತ ಇರುತ್ತದೆ, ನಮ್ಮ ಉದಾಹರಣೆಯಲ್ಲೂ ಇದೆ ಅನ್ನೋಣ. ಈ ಕಡಿತ 400 ಯೂನಿಟ್‌ಗೂ ಅಲ್ಲ, ವರ್ಷ ತುಂಬದ 34.019 ಯೂನಿಟ್‌ಗೆ ಮಾತ್ರ. ಅವು ₹50ರ ಬದಲು ₹49.50ರಂತೆ ಹೋಗುತ್ತವೆ, ಅಂದರೆ ₹1,683.94. ಅದರಲ್ಲಿ ₹1,462.89 ಕಳೆದರೆ ₹221.05. ಇದು ಅಲ್ಪಾವಧಿ ಲಾಭ.

ಬ್ಯಾಂಕಿಗೆ ಬಂದದ್ದನ್ನು ಇದರ ಜೊತೆ ತಾಳೆ ನೋಡಿ. 20,000ದಲ್ಲಿ ಎಕ್ಸಿಟ್ ಲೋಡ್ ₹17.01 ಹೋಯಿತು, ಮಾರಾಟದ ಮೇಲೆ ಬೀಳುವ ವಹಿವಾಟು ತೆರಿಗೆಯಾದ ಎಸ್‌ಟಿಟಿ 0.001%, ಅಂದರೆ 20 ಪೈಸೆ ಹೋಯಿತು, ಉಳಿದದ್ದು ₹19,982.79. ಎಕ್ಸಿಟ್ ಲೋಡನ್ನು ಲಾಭದಿಂದ ಕಳೆಯಬಹುದು, ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ಹಾಗಾಗಿ ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಿದ ಬೆಲೆ ಎಂದು ಬರೆಯಬೇಡಿ. ಇಲ್ಲಿ ವ್ಯತ್ಯಾಸ ಪೈಸೆಗಳಲ್ಲಿದೆ, ಆದರೆ ರಿಜಿಸ್ಟ್ರಾರ್ ಕೊಡುವ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಹೊಂದದೇ ಇರಲು ಬಹಳ ಸಲ ಇದೇ ಕಾರಣ.

ಇದೇ ಮಾರಾಟವನ್ನು ಸರಾಸರಿಯಲ್ಲಿ ಲೆಕ್ಕ ಹಾಕಿದ್ದರೆ? ಆ್ಯಪ್ ಆವತ್ತು ಸರಾಸರಿ ಎನ್‌ಎವಿ 45 ಎಂದು ತೋರಿಸುತ್ತಿತ್ತು ಅನ್ನಿ. 400 ಯೂನಿಟ್‌ಗೆ ತಲಾ ₹5, ಒಟ್ಟು ₹2,000 ಲಾಭ. ಫಿಫೋ ಪ್ರಕಾರ ₹3,520.10. ಮಾರುಕಟ್ಟೆ ಏರುತ್ತಾ ಬಂದ ಕಾಲದಲ್ಲಿ ಹಳೆಯ ಯೂನಿಟ್ ಅಗ್ಗದ್ದು, ಅದೇ ಮೊದಲು ಹೋಗುವುದರಿಂದ ತೆರಿಗೆಗೆ ತೋರಿಸುವ ಲಾಭ ಸರಾಸರಿಗಿಂತ ಜಾಸ್ತಿಯೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಸರಾಸರಿಗೆ ತಾರೀಖೇ ಇಲ್ಲ. ಎಷ್ಟು ಲಾಭ ದೀರ್ಘಾವಧಿ, ಎಷ್ಟು ಅಲ್ಪಾವಧಿ ಎಂದು ಅದು ಹೇಳಲಾರದು.

ಆ 34 ಯೂನಿಟ್ ಯಾಕೆ ಮುಖ್ಯ

2024ರ ಜುಲೈ 23ರಿಂದ ಆದ ಮಾರಾಟಕ್ಕೆ ಇಕ್ವಿಟಿ ಫಂಡಿನ ಅಲ್ಪಾವಧಿ ಲಾಭಕ್ಕೆ 20% ತೆರಿಗೆ, ದೀರ್ಘಾವಧಿಗೆ 12.5%. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ ₹1.25 ಲಕ್ಷದವರೆಗೆ ತೆರಿಗೆ ಇಲ್ಲ. ಆ ಮಿತಿ ಒಂದೊಂದು ಫಂಡಿಗೆ ಬೇರೆ ಬೇರೆ ಅಲ್ಲ, ನಿಮ್ಮ ಎಲ್ಲ ಇಕ್ವಿಟಿ ಫಂಡು ಮತ್ತು ಲಿಸ್ಟ್ ಆದ ಷೇರುಗಳಿಗೆ ಸೇರಿ ಒಂದೇ.

ನಮ್ಮವರಿಗೆ ಬೇರೆ ಮಾರಾಟ ಇಲ್ಲ ಎಂದುಕೊಂಡರೆ ₹3,299.05ಕ್ಕೆ ತೆರಿಗೆ ಸೊನ್ನೆ. ₹221.05ಕ್ಕೆ ಸುಮಾರು ₹44, ಮೇಲೆ ಸೆಸ್. ಹಣ ದೊಡ್ಡದಲ್ಲ. ಆದರೆ ಸಂಬಳದವರಿಗೆ ಇದರ ಪರಿಣಾಮ ಬೇರೆ ಕಡೆ ಕಾಣುತ್ತದೆ. 2025-26ರ ಅಸೆಸ್‌ಮೆಂಟ್ ವರ್ಷದಿಂದ ₹1.25 ಲಕ್ಷದೊಳಗಿನ ಇಂಥ ದೀರ್ಘಾವಧಿ ಲಾಭವನ್ನು ಸರಳವಾದ ಐಟಿಆರ್-1ರಲ್ಲೇ ತೋರಿಸಲು ಅವಕಾಶ ಬಂತು. ಅಲ್ಪಾವಧಿ ಲಾಭಕ್ಕೆ ಅಲ್ಲಿ ಜಾಗ ಇಲ್ಲ. ₹221 ಇದ್ದರೂ ಐಟಿಆರ್-2ಕ್ಕೆ ಹೋಗಬೇಕು.

ಇವರು 400ರ ಬದಲು 365 ಯೂನಿಟ್ ಮಾರಿದ್ದರೆ ಅಲ್ಪಾವಧಿಯೂ ಇಲ್ಲ, ಎಕ್ಸಿಟ್ ಲೋಡೂ ಇಲ್ಲ, ಐಟಿಆರ್-2 ಕೂಡ ಬೇಕಾಗುತ್ತಿರಲಿಲ್ಲ. ಹಾಗಾಗಿ ಮಾರುವ ಮುಂಚೆಯೇ ಸಾಲನ್ನು ಬರೆದು, ವರ್ಷ ದಾಟಿದ ಯೂನಿಟ್ ಎಷ್ಟಿದೆ ನೋಡಿ. ಆಮೇಲೆ ಮೊತ್ತದ ಬದಲು ಯೂನಿಟ್ ಸಂಖ್ಯೆ ಕೊಟ್ಟೇ ಮಾರಿ. "₹20,000 ಬೇಕು" ಎಂದು ಮೊತ್ತ ಕೊಟ್ಟರೆ ಎಷ್ಟು ಯೂನಿಟ್ ಹೋಗುತ್ತದೆ ಎಂಬುದು ಆ ದಿನದ ಎನ್‌ಎವಿ ಬಂದ ಮೇಲಷ್ಟೇ ಗೊತ್ತಾಗುವುದು. ಮಾರುಕಟ್ಟೆ ಆವತ್ತು ಕುಸಿದರೆ ಕೆಲವು ಯೂನಿಟ್ ಜಾಸ್ತಿ ಹೋಗಿ, ಹೊಸ ಕಂತಿನೊಳಗೆ ಕಾಲಿಟ್ಟುಬಿಡುತ್ತದೆ.

ಗಡಿಯ ದಿನಗಳಲ್ಲಿ ಇನ್ನೂ ಜಾಗ್ರತೆ ಬೇಕು. ದೀರ್ಘಾವಧಿ ಎನ್ನಿಸಿಕೊಳ್ಳಲು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟಿರಬೇಕು. ಇವರು ಎಸ್‌ಐಪಿ ತಾರೀಖು 10 ಎಂದುಕೊಂಡು 2025ರ ಆಗಸ್ಟ್ 11ಕ್ಕೇ ಮಾರಿದ್ದರೆ ಮೂರನೇ ಕಂತು ಪೂರ್ತಿ ಅಲ್ಪಾವಧಿ ಆಗುತ್ತಿತ್ತು, ಎಕ್ಸಿಟ್ ಲೋಡೂ ಬೀಳುತ್ತಿತ್ತು. ವರ್ಷ ತುಂಬಿದ ಮೇಲೆ ಎರಡು ದಿನ ಬಿಟ್ಟು ಮಾರಿದರೆ ಈ ಗೊಂದಲ ಇರುವುದಿಲ್ಲ.

ಎರಡನೇ ಮಾರಾಟ

ಮೊದಲ ಮಾರಾಟದ ಲೆಕ್ಕ ಸರಿ ಮಾಡಿದವರೂ ಎರಡನೆಯದರಲ್ಲಿ ತಪ್ಪುವುದುಂಟು. ಮತ್ತೆ ಮೊದಲ ಕಂತಿನಿಂದ ಶುರು ಮಾಡುತ್ತಾರೆ, ಇಲ್ಲವೇ ಅರ್ಧ ಉಳಿದ ಕಂತನ್ನು ಪೂರ್ತಿ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ.

2025ರ ನವೆಂಬರ್ 3ರಂದು ಎನ್‌ಎವಿ 52ರಲ್ಲಿ 150 ಯೂನಿಟ್ ಮಾರಿದರು ಅನ್ನೋಣ. ಮೊದಲು ಹೋಗುವುದು ನಾಲ್ಕನೇ ಕಂತಿನಲ್ಲಿ ಉಳಿದ 82.254 ಯೂನಿಟ್. ಮಾರಿದ ಬೆಲೆ ₹4,277.21, ನಾವು ಬರೆದಿಟ್ಟ ಬೆಲೆ ₹3,537.11, ಲಾಭ ₹740.10. ಆಗಸ್ಟಿನಲ್ಲಿ ಇದೇ ಕಂತಿನ ಒಂದು ತುಂಡು ಅಲ್ಪಾವಧಿಯಾಗಿತ್ತು. ಈಗ ಉಳಿದ ತುಂಡು ವರ್ಷ ದಾಟಿ ದೀರ್ಘಾವಧಿಯಾಗಿದೆ. ಒಂದೇ ಕಂತು ಎರಡು ಕಡೆ ಬರುವುದರಲ್ಲಿ ತಪ್ಪೇನೂ ಇಲ್ಲ.

ಇನ್ನು 67.746 ಯೂನಿಟ್ ಐದನೇ ಕಂತಿನಿಂದ. ಅದರ ಪಾಲಿನ ಕೊಂಡ ಬೆಲೆ ₹2,980.96, ಮಾರಿದ್ದು ₹3,522.79ಕ್ಕೆ, ಲಾಭ ₹541.83. ಅಕ್ಟೋಬರ್ 10ರದ್ದಾದ್ದರಿಂದ ಇದೂ ದೀರ್ಘಾವಧಿ. ಐದನೇ ಕಂತಿನಲ್ಲಿ ಈಗ 45.885 ಯೂನಿಟ್, ₹2,019.04 ಬೆಲೆಗೆ ಉಳಿದಿದೆ.

ಶೀಟ್‌ನಲ್ಲಿ ಮಾಡುವುದಾದರೆ

ಕಂತು ಹೆಚ್ಚಾದಂತೆ ಕೈಲೆಕ್ಕ ಕಷ್ಟ. ಸ್ಪ್ರೆಡ್‌ಶೀಟಿನಲ್ಲಿ A ಕಾಲಂನಲ್ಲಿ ತಾರೀಖು, Bಯಲ್ಲಿ ಹಾಕಿದ ಹಣ, Cಯಲ್ಲಿ ಯೂನಿಟ್, Dಯಲ್ಲಿ ಮೊದಲಿನಿಂದ ಅಲ್ಲಿಯವರೆಗಿನ ಒಟ್ಟು ಯೂನಿಟ್ ಇಡಿ. G1ರಲ್ಲಿ ಈ ಮಾರಾಟಕ್ಕೆ ಮುಂಚೆ ಮಾರಿದ ಒಟ್ಟು ಯೂನಿಟ್, G2ರಲ್ಲಿ ಈ ಮಾರಾಟವೂ ಸೇರಿ ಒಟ್ಟು. ಆಮೇಲೆ E2 ಮತ್ತು F2ರಲ್ಲಿ ಕ್ರಮವಾಗಿ ಇವನ್ನು ಹಾಕಿ ಕೆಳಗೆ ಎಳೆಯಿರಿ:

```
=MAX(0,MIN(D2,$G$2)-MAX(D2-C2,$G$1))
=B2*E2/C2
```

E ಕಾಲಂ ಆ ಕಂತಿನಿಂದ ಹೋದ ಯೂನಿಟ್ ಹೇಳುತ್ತದೆ, F ಅದರ ಕೊಂಡ ಬೆಲೆ. ಆಗಸ್ಟಿನ ಮಾರಾಟಕ್ಕೆ G1ರಲ್ಲಿ 0, G2ರಲ್ಲಿ 400. ನವೆಂಬರಿಗೆ 400 ಮತ್ತು 550. E ಕಾಲಂನ ಮೊತ್ತ ಆ ಸಲ ಮಾರಿದ ಯೂನಿಟ್‌ಗೆ ಸರಿಯಾಗಿ ಸಮ ಬರಬೇಕು. ಬರದಿದ್ದರೆ ಎಲ್ಲೋ ಒಂದು ಕಂತು ಬಿಟ್ಟುಹೋಗಿದೆ. ಸ್ವಿಚ್ ಮಾಡಿ ಹೊರಗೆ ಹೋದ ಯೂನಿಟ್‌ಗಳನ್ನೂ G ಲೆಕ್ಕದಲ್ಲಿ ಸೇರಿಸುವುದನ್ನು ಮರೆಯಬೇಡಿ.

ನಷ್ಟದ ಕಂತು ಮಾತ್ರ ಮಾರಬಹುದಾ?

ಮಾರುಕಟ್ಟೆ ಬಿದ್ದಾಗ ಈ ಪ್ರಶ್ನೆ ಬರುತ್ತದೆ. ಇತ್ತೀಚಿನ ಕೆಲವು ಕಂತು ನಷ್ಟದಲ್ಲಿವೆ, ಅವನ್ನು ಮಾರಿ ಆ ನಷ್ಟವನ್ನು ಬೇರೆ ಲಾಭಕ್ಕೆ ಹೊಂದಿಸೋಣ ಎಂಬ ಯೋಚನೆ ತಪ್ಪಲ್ಲ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭಕ್ಕೆ ಹೊಂದಿಸಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭಕ್ಕೆ ಮಾತ್ರ. ಆದರೆ ಅದೇ ಫೋಲಿಯೊದಲ್ಲಿ ನಷ್ಟದ ಕಂತುಗಳು ಸಾಲಿನ ಕೊನೆಯಲ್ಲಿವೆ. ಅವುಗಳನ್ನು ಮುಟ್ಟಬೇಕಾದರೆ ಮುಂದಿರುವ ಲಾಭದ ಯೂನಿಟ್‌ಗಳೆಲ್ಲ ಮೊದಲು ಹೋಗಬೇಕು. ಹೊಸ ಎಸ್‌ಐಪಿಯನ್ನು ಬೇರೆ ಫೋಲಿಯೊದಲ್ಲಿ ಶುರು ಮಾಡಿದವರಿಗೆ ಮಾತ್ರ ಆ ಆಯ್ಕೆ ಇರುತ್ತದೆ.

ಹಳೆಯ ಎಸ್‌ಐಪಿ, ಡೆಟ್ ಫಂಡು

2018ರ ಜನವರಿ 31ರವರೆಗಿನ ಕಂತುಗಳಿದ್ದರೆ ಫಿಫೋದಲ್ಲಿ ಮೊದಲು ಎದುರಾಗುವುದು ಅವೇ. ಅವಕ್ಕೆ ಕೊಂಡ ಬೆಲೆಯನ್ನು ನೇರವಾಗಿ ಹಿಡಿಯುವುದಿಲ್ಲ. ಆ ದಿನದ ಎನ್‌ಎವಿ ಮತ್ತು ಈಗ ಮಾರಿದ ಬೆಲೆ, ಎರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಿ. ಅದನ್ನು ನಿಜವಾಗಿ ಕೊಂಡ ಬೆಲೆಯ ಜೊತೆ ಹೋಲಿಸಿ, ಹೆಚ್ಚಿನದೇ ನಿಮ್ಮ ಕೊಂಡ ಬೆಲೆ. ಬಹುಪಾಲು ಹಳೆಯ ಕಂತುಗಳಿಗೆ ಇದರಿಂದ ಲಾಭ ಕಡಿಮೆಯಾಗುತ್ತದೆ.

ಡೆಟ್ ಫಂಡಿನಲ್ಲಿ 2023ರ ಏಪ್ರಿಲ್ 1ರಿಂದ ಹಾಕಿದ ಕಂತುಗಳ ಲಾಭ, ಎಷ್ಟು ವರ್ಷ ಇಟ್ಟರೂ ನಿಮ್ಮ ಸ್ಲ್ಯಾಬ್ ದರಕ್ಕೆ ಹೋಗುತ್ತದೆ. ಅದಕ್ಕಿಂತ ಹಳೆಯ ಕಂತಿಗೆ ಬೇರೆ ನಿಯಮ. ಎಸ್‌ಐಪಿ ಆ ದಿನವನ್ನು ದಾಟಿ ನಡೆದಿದ್ದರೆ ಸಾಲಿನಲ್ಲಿ ಅಲ್ಲೊಂದು ಗೆರೆ ಎಳೆದು ಎರಡು ಭಾಗ ಮಾಡಿಕೊಳ್ಳಿ.

ರಿಟರ್ನ್ ತುಂಬುವ ಮುಂಚೆ

ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಎರಡೂ ಕ್ಯಾಪಿಟಲ್ ಗೇನ್ ಸ್ಟೇಟ್‌ಮೆಂಟ್ ಕೊಡುತ್ತವೆ, ಅದರಲ್ಲಿ ಫಿಫೋ ಲೆಕ್ಕ ಮೊದಲೇ ಆಗಿರುತ್ತದೆ. ಅದನ್ನೇ ಬಳಸಿ, ಆದರೆ ನಿಮ್ಮ ಶೀಟಿನ ಜೊತೆ ಒಂದು ಸಲ ಹೋಲಿಸಿ. ಎರಡೂ ಕಡೆ ಫಂಡ್ ಇದ್ದರೆ ಎರಡರಿಂದಲೂ ತೆಗೆಯಬೇಕು. ಒಂದರದ್ದು ಮಾತ್ರ ತೆಗೆದು ಇನ್ನೊಂದನ್ನು ಮರೆಯುವುದು ಸಾಮಾನ್ಯ.

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲೂ ನಿಮ್ಮ ಮಾರಾಟ ಕಾಣುತ್ತದೆ. ಅಲ್ಲಿ ಮಾರಿದ ಮೊತ್ತ ನಿಮ್ಮ ಲೆಕ್ಕಕ್ಕೆ ಹೊಂದಬೇಕು. ಕೊಂಡ ಬೆಲೆ ಅಲ್ಲಿ ಖಾಲಿ ಇದ್ದರೆ ಅಥವಾ ಬೇರೆ ಇದ್ದರೆ ಗಾಬರಿಯಾಗಿ ಅದನ್ನೇ ನಕಲು ಮಾಡಬೇಡಿ, ಸ್ಟೇಟ್‌ಮೆಂಟ್ ಪ್ರಕಾರ ತುಂಬಿ. ಆ ಸ್ಟೇಟ್‌ಮೆಂಟನ್ನೂ, ಮಾರ್ಚ್ 31ಕ್ಕೆ ಸಾಲಿನಲ್ಲಿ ಉಳಿದ ಯೂನಿಟ್ ಮತ್ತು ಬೆಲೆ ಇರುವ ನಿಮ್ಮ ಶೀಟನ್ನೂ ಒಂದೇ ಕಡೆ ಉಳಿಸಿಡಿ. ನಮ್ಮ ಉದಾಹರಣೆಯವರು ಮುಂದಿನ ಸಲ ಮಾರುವಾಗ ಶುರು ಮಾಡಬೇಕಾದದ್ದು ಆ 45.885 ಯೂನಿಟ್‌ನಿಂದ.